ನಾಲ್ಕು ತಾಕಿನ ತೂಕ, ಇಡೀ ಪಂಚಾಯಿತಿಯ ಇಳುವರಿ

ರಾಗಿ ಕೊಯ್ಲಿನ ಹೊತ್ತಿಗೆ ಗ್ರಾಮ ಪಂಚಾಯಿತಿಯ ಕೆಲವು ಹೊಲಗಳಿಗೆ ಸರ್ಕಾರಿ ಸಿಬ್ಬಂದಿ ಹಗ್ಗ, ಗೂಟ, ತಕ್ಕಡಿ ಹಿಡಿದು ಬರುತ್ತಾರೆ. ಯಾವ ಸರ್ವೆ ನಂಬರಿನ ಹೊಲ, ಹೊಲದಲ್ಲಿ ಯಾವ ಮೂಲೆಯಿಂದ ಎಷ್ಟು ಹೆಜ್ಜೆ ಒಳಗೆ ಹೋಗಬೇಕು ಎಂಬುದೆಲ್ಲ ಮೊದಲೇ ಚೀಟಿ ಎತ್ತಿದ ಹಾಗೆ ಯಾದೃಚ್ಛಿಕ ಸಂಖ್ಯೆಗಳಿಂದ ಗೊತ್ತಾಗಿರುತ್ತದೆ. ಅಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಗುರುತು ಮಾಡಿ, ಅದರೊಳಗಿನ ತೆನೆಯನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗುತ್ತಾರೆ. ಇದಕ್ಕೆ ಬೆಳೆ ಕಟಾವು ಪ್ರಯೋಗ ಎಂದು ಹೆಸರು. ಚೌಕದ ವಿಸ್ತೀರ್ಣ 25 ಚದರ ಮೀಟರ್. ಹೆಕ್ಟೇರಿಗೆ 10,000 ಚದರ ಮೀಟರ್. ಹಾಗಾಗಿ ಬಂದ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರ್ ಇಳುವರಿ. ತಾಕಿನಲ್ಲಿ ಒಂದು ಕಿಲೋ ಹೆಚ್ಚುಕಡಿಮೆಯಾದರೆ ಕಾಗದದ ಮೇಲೆ ಹೆಕ್ಟೇರಿಗೆ 4 ಕ್ವಿಂಟಲ್ ಹೆಚ್ಚುಕಡಿಮೆಯಾಗುತ್ತದೆ.

2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತನಿಗೆ ಬೆಳೆನಷ್ಟದ ಪರಿಹಾರ ಸಿಗುತ್ತದೋ ಇಲ್ಲವೋ, ಸಿಕ್ಕರೆ ಎಷ್ಟು ಎಂಬುದು ಮುಖ್ಯವಾಗಿ ಈ ತೂಕದ ಮೇಲೆ ನಿಂತಿದೆ. ಅವನ ಸ್ವಂತ ಹೊಲದಲ್ಲಿ ಎಷ್ಟು ಬೆಳೆಯಿತು ಎಂದು ಯಾರೂ ಕೇಳುವುದಿಲ್ಲ. ಪಂಚಾಯಿತಿಯ ಸರಾಸರಿ ಇಳುವರಿ ಖಾತರಿ ಇಳುವರಿಗಿಂತ ಎಷ್ಟು ಕಡಿಮೆಯಾಯಿತೋ ಅದೇ ಪ್ರಮಾಣದಲ್ಲಿ ವಿಮಾ ಮೊತ್ತದ ಪಾಲು ಎಲ್ಲ ವಿಮೆದಾರರಿಗೂ ಹೋಗುತ್ತದೆ. ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ಪ್ರಯೋಗ ಆಗಬೇಕು ಎನ್ನುತ್ತದೆ ಯೋಜನೆಯ ಮಾರ್ಗಸೂಚಿ. ಕನಿಷ್ಠ ಎಂದು ಬರೆದದ್ದು ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ.

"ನೂರಾರು ಹೊಲಗಳಿರುವ ಪಂಚಾಯಿತಿಗೆ ನಾಲ್ಕೇ ತಾಕೇ?" ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ, "ಹಾಗಾದರೆ ಎಂಟು ಮಾಡಿ, ಅನುಮಾನ ಅರ್ಧ ಆಗಲಿ" ಎಂಬ ಪರಿಹಾರ ಯಾಕೆ ನಡೆಯುವುದಿಲ್ಲ ಎಂಬುದೂ ತಿಳಿಯುತ್ತದೆ. ಅನುಮಾನವನ್ನು ಅರ್ಧ ಮಾಡಲು ಎಂಟು ಸಾಲದು, ಹದಿನಾರು ಬೇಕು. ಕಾಲು ಭಾಗಕ್ಕೆ ಇಳಿಸಲು ಅರವತ್ತನಾಲ್ಕು.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ನಾನು ಉದಾಹರಣೆಗೆಂದು ಕಟ್ಟಿದವು; ಲೆಕ್ಕದ ರೀತಿ ಮಾತ್ರ ನಿಜದ್ದೇ. ನಾಲ್ಕು ತಾಕುಗಳಲ್ಲಿ ಸಿಕ್ಕ ರಾಗಿ 4.60, 2.45, 3.90 ಮತ್ತು 3.05 ಕಿಲೋ ಎಂದಿಟ್ಟುಕೊಳ್ಳಿ. ಹೆಕ್ಟೇರಿಗೆ ತಿರುಗಿಸಿದರೆ 18.4, 9.8, 15.6, 12.2 ಕ್ವಿಂಟಲ್. ಸರಾಸರಿ ಸರಿಯಾಗಿ 14 ಕ್ವಿಂಟಲ್. ಕಡತಕ್ಕೆ ಹೋಗುವುದು ಈ 14 ಮಾತ್ರ. ಖಾತರಿ ಇಳುವರಿ 15 ಕ್ವಿಂಟಲ್, ವಿಮಾ ಮೊತ್ತ ಹೆಕ್ಟೇರಿಗೆ 45,000 ರೂಪಾಯಿ ಎಂದಾದರೆ, ಹದಿನೈದರಲ್ಲಿ ಒಂದು ಪಾಲು ಕೊರತೆ. ಪರಿಹಾರ 3,000 ರೂಪಾಯಿ.

ಆದರೆ ಆ ದಿನ ಚೀಟಿಯಲ್ಲಿ ಬೇರೆ ನಾಲ್ಕು ಸರ್ವೆ ನಂಬರ್ ಬಂದಿದ್ದರೆ? ನಮ್ಮ ಕೈಲಿರುವ ನಾಲ್ಕರಲ್ಲೇ ಒಂದು 18 ದಾಟಿದೆ, ಇನ್ನೊಂದು 10 ಮುಟ್ಟಿಲ್ಲ. ಹೊಲದಿಂದ ಹೊಲಕ್ಕೆ ಇಷ್ಟು ಏರುಪೇರಿರುವ ಕಡೆ ಬೇರೆ ನಾಲ್ಕು ಹೊಲ ಬೇರೆಯದೇ ಸರಾಸರಿ ಕೊಡುತ್ತಿದ್ದವು. ಎಷ್ಟು ಬೇರೆ ಎಂಬುದನ್ನು ಅಂದಾಜು ಮಾಡಲು ಸಂಖ್ಯಾಶಾಸ್ತ್ರ ಈ ಏರುಪೇರನ್ನೇ ಬಳಸುತ್ತದೆ. ಪ್ರತಿ ತಾಕೂ ಸರಾಸರಿಯಿಂದ ಎಷ್ಟು ದೂರ ಎಂದು ನೋಡಿ, ಆ ದೂರಗಳನ್ನು ವರ್ಗ ಮಾಡಿ ಕೂಡಿಸಿ, ತಾಕುಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮಾನಕ ವಿಚಲನೆ. ಇಲ್ಲಿ ಅದು ಸುಮಾರು 3.8 ಕ್ವಿಂಟಲ್. ಒಂದು ಹೊಲ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಇರುತ್ತದೆ ಎಂದು ಅದು ಹೇಳುತ್ತದೆ. ನಾಲ್ಕು ಹೊಲದ ಸರಾಸರಿ ಅಷ್ಟು ಅಲುಗುವುದಿಲ್ಲ; ಅದರ ಅಲುಗಾಟ ತಿಳಿಯಲು 3.8ನ್ನು ನಾಲ್ಕರ ವರ್ಗಮೂಲ ಎರಡರಿಂದ ಭಾಗಿಸಬೇಕು. ಬಂದದ್ದು 1.9. ಇದೇ ಮಾನಕ ದೋಷ.

ನೂರರಲ್ಲಿ 95 ಸಲ ನಿಜವಾದ ಸರಾಸರಿಯನ್ನು ಒಳಗೆ ಹಿಡಿಯುವಂಥ ಬೇಲಿ ಹಾಕಬೇಕೆಂದರೆ ಈ 1.9ನ್ನು ಇನ್ನೊಂದು ಸಂಖ್ಯೆಯಿಂದ ಗುಣಿಸಬೇಕು. ತಾಕುಗಳು ನಾಲ್ಕೇ ಇದ್ದಾಗ ಆ ಗುಣಕ 3.18. ಹಾಗಾಗಿ ದೋಷಮಿತಿ ಸುಮಾರು 6 ಕ್ವಿಂಟಲ್. 14ರಿಂದ 6 ಕಳೆದರೆ 8, ಕೂಡಿಸಿದರೆ 20. ಈ 8ರಿಂದ 20ರವರೆಗಿನ ಹರವನ್ನೇ ವಿಶ್ವಾಸಾಂತರ, ಕಾನ್ಫಿಡೆನ್ಸ್ ಇಂಟರ್ವಲ್ ಎನ್ನುತ್ತಾರೆ. ಕಡತದಲ್ಲಿ ದಶಮಾಂಶ ಬಿಂದುವಿನ ಸಮೇತ ಖಡಾಖಂಡಿತವಾಗಿ ಕೂತಿರುವ 14.0 ಎಂಬ ಸಂಖ್ಯೆಯ ಹಿಂದೆ ಇರುವುದು ಇಷ್ಟು: ಈ ಪಂಚಾಯಿತಿಯ ಇಳುವರಿ ಎಂಟೂ ಇರಬಹುದು, ಇಪ್ಪತ್ತೂ ಇರಬಹುದು. ಎಂಟಾಗಿದ್ದರೆ ಪರಿಹಾರ 21,000 ರೂಪಾಯಿ. ಇಪ್ಪತ್ತಾಗಿದ್ದರೆ ಸೊನ್ನೆ.

95 ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಅದು ಹಾಕುವ ವಿಧಾನದ ಭರವಸೆ. ನೂರು ಪಂಚಾಯಿತಿಗಳಲ್ಲಿ ಇದೇ ವಿಧಾನದಿಂದ ನೂರು ಬೇಲಿ ಹಾಕಿದರೆ ಸುಮಾರು 95 ಕಡೆ ನಿಜವಾದ ಸರಾಸರಿ ಬೇಲಿಯೊಳಗೆ ಇರುತ್ತದೆ, ಐದು ಕಡೆ ಹೊರಗೆ. ನಮ್ಮದು ಆ ಐದರಲ್ಲಿ ಒಂದೋ ಎಂದು ನಮಗೆ ತಿಳಿಯುವ ದಾರಿ ಇಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಭಾಗಿಸುವುದು ವರ್ಗಮೂಲದಿಂದಲೇ ಏಕೆ? ನಾಲ್ಕು ಹೊಲ ನೋಡಿದರೆ ತಪ್ಪು ನಾಲ್ಕನೇ ಒಂದಾಗಬೇಕಿತ್ತಲ್ಲ?

ಲೆಕ್ಕವನ್ನು ಬೆರಳಲ್ಲಿ ಎಣಿಸುವಷ್ಟು ಸರಳ ಮಾಡಿಕೊಳ್ಳೋಣ. ಒಂದು ಪಂಚಾಯಿತಿಯಲ್ಲಿ ಅರ್ಧ ಹೊಲಗಳು ಹೆಕ್ಟೇರಿಗೆ 19 ಕ್ವಿಂಟಲ್ ಕೊಡುತ್ತವೆ, ಇನ್ನರ್ಧ 9. ನಿಜವಾದ ಸರಾಸರಿ 14. ಪ್ರತಿ ಹೊಲವೂ ಅದರಿಂದ 5 ಮೇಲೆ ಅಥವಾ 5 ಕೆಳಗೆ. ಒಂದೇ ತಾಕು ಕೊಯ್ದರೆ 5 ಕ್ವಿಂಟಲ್ ತಪ್ಪು ಖಂಡಿತ. ನಾಲ್ಕು ತಾಕು ಕೊಯ್ದರೆ ಒಳ್ಳೆಯದು ಕೆಟ್ಟದ್ದು ಹದಿನಾರು ಬಗೆಯಲ್ಲಿ ಬೆರೆಯಬಹುದು. ನಾಲ್ಕೂ ಒಳ್ಳೆಯವಾಗುವುದು ಒಂದು ಬಗೆ, ಸರಾಸರಿ 19. ಮೂರು ಒಳ್ಳೆಯವು ಒಂದು ಕೆಟ್ಟದ್ದು ನಾಲ್ಕು ಬಗೆ, ಸರಾಸರಿ 16.5. ಎರಡೆರಡು ಆರು ಬಗೆ, ಸರಾಸರಿ 14. ಒಂದು ಒಳ್ಳೆಯದು ಮೂರು ಕೆಟ್ಟವು ನಾಲ್ಕು ಬಗೆ, ಸರಾಸರಿ 11.5. ನಾಲ್ಕೂ ಕೆಟ್ಟವು ಒಂದು ಬಗೆ, ಸರಾಸರಿ 9.

ತಾಕುಗಳು ಒಂದರ ತಪ್ಪನ್ನು ಇನ್ನೊಂದು ತೊಡೆದುಹಾಕುತ್ತವೆ ನಿಜ, ಆದರೆ ಪೂರ್ತಿ ಅಲ್ಲ. ಹದಿನಾರರಲ್ಲಿ ಆರು ಸಲ ಮಾತ್ರ ಎರಡು ಮೇಲು ಎರಡು ಕೆಳಗು ಸೇರಿ ಸರಿಹೋಗುತ್ತವೆ. ಉಳಿದ ಹತ್ತು ಸಲ ಏನಾದರೂ ಉಳಿದೇ ಉಳಿಯುತ್ತದೆ. ಎಷ್ಟು ಉಳಿಯುತ್ತದೆ? ತಪ್ಪುಗಳ ಮೊತ್ತವನ್ನು ವರ್ಗ ಮಾಡಿ ನೋಡಿದರೆ ಗುಟ್ಟು ಸಿಗುತ್ತದೆ. ಒಂದು ತಾಕಿನ ತಪ್ಪಿನ ವರ್ಗ 25. ಎರಡು ತಾಕಿನ ತಪ್ಪುಗಳನ್ನು ಕೂಡಿಸಿದರೆ ಮೊತ್ತ 10, 0, 0 ಅಥವಾ ಮೈನಸ್ 10; ಅವುಗಳ ವರ್ಗ 100, 0, 0, 100; ಸರಾಸರಿ 50. ಅಂದರೆ 25ಕ್ಕೆ ಇನ್ನೊಂದು 25 ಸೇರಿತು. ಒಂದು ತಾಕಿಗೂ ಇನ್ನೊಂದಕ್ಕೂ ಸಂಬಂಧವಿಲ್ಲದ ಕಾರಣ ಪ್ರತಿ ಹೊಸ ತಾಕೂ ವರ್ಗದ ಲೆಕ್ಕಕ್ಕೆ ಸಮನಾಗಿ ಮತ್ತೊಂದು 25 ಸೇರಿಸುತ್ತದೆ, ಅದಕ್ಕಿಂತ ಹೆಚ್ಚಲ್ಲ, ಕಡಿಮೆಯಲ್ಲ. ನಾಲ್ಕು ತಾಕಿಗೆ 100, ಹದಿನಾರು ತಾಕಿಗೆ 400.

ವರ್ಗಮೂಲ ತೆಗೆಯಿರಿ. ನಾಲ್ಕು ತಾಕಿನ ಒಟ್ಟು ತಪ್ಪು ಸಾಮಾನ್ಯವಾಗಿ 10, ಹದಿನಾರು ತಾಕಿನದು 20. ತಾಕು ನಾಲ್ಕು ಪಟ್ಟಾದರೂ ಒಟ್ಟು ತಪ್ಪು ಎರಡೇ ಪಟ್ಟು ಬೆಳೆಯಿತು. ಸರಾಸರಿಗೆ ಬರಬೇಕಾದರೆ ತಾಕುಗಳ ಸಂಖ್ಯೆಯಿಂದ ಭಾಗಿಸಬೇಕಲ್ಲವೇ? 10ನ್ನು 4ರಿಂದ ಭಾಗಿಸಿದರೆ 2.5, 20ನ್ನು 16ರಿಂದ ಭಾಗಿಸಿದರೆ 1.25. ಮೇಲೆ ಎರಡು ಪಟ್ಟು, ಕೆಳಗೆ ನಾಲ್ಕು ಪಟ್ಟು, ಉಳಿದದ್ದು ಅರ್ಧ. ಮಾದರಿಯನ್ನು ನಾಲ್ಕು ಪಟ್ಟು ಮಾಡಿದರೆ ದೋಷಮಿತಿ ಅರ್ಧವಾಗುತ್ತದೆ ಎಂಬ ನಿಯಮ ಇಷ್ಟೇ. ಪುಸ್ತಕಗಳಲ್ಲಿ ಇದನ್ನೇ s/√n ಎಂದು ಬರೆದಿರುತ್ತಾರೆ. S ಎಂದರೆ ಹೊಲಗಳ ಏರುಪೇರು, n ಎಂದರೆ ತಾಕುಗಳ ಸಂಖ್ಯೆ.

ಇದೇ ಪಂಚಾಯಿತಿಗೆ ಪರಿಹಾರದ ಲೆಕ್ಕ ಹಾಕಿದರೆ ನಿಯಮದ ಬಿಸಿ ತಟ್ಟುತ್ತದೆ. ನಿಜವಾದ ಸರಾಸರಿ 14, ಖಾತರಿ ಇಳುವರಿ 15. ನ್ಯಾಯವಾಗಿ ಸಿಗಬೇಕಾದದ್ದು ಹೆಕ್ಟೇರಿಗೆ 3,000 ರೂಪಾಯಿ. ನಾಲ್ಕು ತಾಕಿನಲ್ಲಿ ಸರಾಸರಿ 16.5 ಅಥವಾ 19 ಬರುವ ಸಾಧ್ಯತೆ ಹದಿನಾರರಲ್ಲಿ ಐದು, ಅಂದರೆ ಶೇಕಡ 31. ಆಗ ರೈತರಿಗೆ ಬಿಡಿಗಾಸೂ ಇಲ್ಲ. ಅಷ್ಟೇ ಸಾಧ್ಯತೆಯಲ್ಲಿ 11.5 ಅಥವಾ 9 ಬಂದು 10,500 ಅಥವಾ 18,000 ರೂಪಾಯಿ ಸಿಗುತ್ತದೆ. ಸರಿಯಾದ 3,000 ಸಿಗುವುದು ಹದಿನಾರರಲ್ಲಿ ಆರು ಸಲ ಮಾತ್ರ. ತಾಕುಗಳನ್ನು ಹದಿನಾರು ಮಾಡಿದರೆ, ಸಿಗಬೇಕಾದ ಪರಿಹಾರ ಪೂರ್ತಿ ತಪ್ಪಿಹೋಗುವ ಸಾಧ್ಯತೆ ಶೇಕಡ 31ರಿಂದ 23ಕ್ಕೆ ಇಳಿಯುತ್ತದೆ. ನಾಲ್ಕು ಪಟ್ಟು ದುಡಿಮೆಗೆ ಸಿಕ್ಕ ಪ್ರತಿಫಲ ಇಷ್ಟೇ. ಅರವತ್ತನಾಲ್ಕು ಮಾಡಿದರೆ ಸುಮಾರು ಶೇಕಡ 5ಕ್ಕೆ ಬರುತ್ತದೆ.

ಈ ಅಲುಗಾಟದಿಂದ ವಿಮಾ ಕಂಪನಿಗೆ ಲಾಭ ಎಂದುಕೊಳ್ಳುವವರು ಬಹಳ. ಹದಿನಾರು ಬಗೆಗಳ ಪರಿಹಾರವನ್ನೂ ಕೂಡಿಸಿ ಭಾಗಿಸಿ ನೋಡಿ: ಸರಾಸರಿ ಪರಿಹಾರ 4,875 ರೂಪಾಯಿ, ನ್ಯಾಯವಾದ 3,000ಕ್ಕಿಂತ ಹೆಚ್ಚು. ಅಳತೆ ಕೆಳಕ್ಕೆ ತಪ್ಪಿದಾಗ ಕಂಪನಿ ಹೆಚ್ಚು ಕೊಡಬೇಕು. ಮೇಲಕ್ಕೆ ತಪ್ಪಿದಾಗ ರೈತ ಏನನ್ನೂ ವಾಪಸು ಕೊಡಬೇಕಿಲ್ಲ, ಪರಿಹಾರ ಸೊನ್ನೆಗೆ ನಿಲ್ಲುತ್ತದೆ. ಹಾಗಾಗಿ ಒರಟು ಅಳತೆ ಕಂಪನಿಗೂ ದುಬಾರಿ. ಒಂದು ಪಂಚಾಯಿತಿಗೆ ಸಿಗದ ಹಣ ಪಕ್ಕದ ಪಂಚಾಯಿತಿಗೆ ಹೋಗಿರುತ್ತದೆ ಅಷ್ಟೆ. ನೊಂದವನಿಗೆ ಇದರಿಂದ ಸಮಾಧಾನವೇನೂ ಇಲ್ಲ.

ಮೊದಲ ಲೆಕ್ಕದಲ್ಲಿ ಬಂದ 3.18 ಎಂಬ ಗುಣಕ ಎಲ್ಲಿಂದ ಬಂತು ಎಂದು ಕೆಲವರು ಕೇಳಬಹುದು. ಚುನಾವಣಾ ಸಮೀಕ್ಷೆಗಳ ವಿವರಣೆಯಲ್ಲಿ ಸಾಮಾನ್ಯವಾಗಿ ಕಾಣುವುದು 1.96. ಕಾರಣ ಇದು: ಹೊಲಗಳ ಏರುಪೇರು 3.8 ಎಂದೆವಲ್ಲ, ಅದನ್ನೂ ಆ ನಾಲ್ಕೇ ತಾಕಿನಿಂದ ಅಂದಾಜು ಮಾಡಿದ್ದು. ನಿಜವಾದ ಏರುಪೇರು 3 ಇರಬಹುದು, 7 ಇರಬಹುದು. ಆ ಅನುಮಾನಕ್ಕೂ ಜಾಗ ಬಿಡಬೇಕಾದ್ದರಿಂದ ಬೇಲಿಯನ್ನು ಇನ್ನಷ್ಟು ದೂರ ಹಾಕಬೇಕು. ಎಷ್ಟು ದೂರ ಎಂದು ಲೆಕ್ಕ ಕೊಟ್ಟವನು ವಿಲಿಯಂ ಗಾಸೆಟ್. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ. ಬಾರ್ಲಿ ತಳಿಗಳ ಇಳುವರಿ ಹೋಲಿಸಲು ಅವನ ಕೈಗೆ ಸಿಗುತ್ತಿದ್ದುದು ಬೆರಳೆಣಿಕೆಯ ತಾಕುಗಳು. 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಅವನು ಪ್ರಕಟಿಸಿದ ಲೇಖನದಿಂದ ಈ ಗುಣಕಗಳು ಬಂದವು. ನಮ್ಮ ರಾಗಿ ತಾಕಿನ ಸಮಸ್ಯೆ ಅವನದೇ ಸಮಸ್ಯೆ.

ಇದರಿಂದ ಒಂದು ತಮಾಷೆಯ ಫಲವಿದೆ. ನಾಲ್ಕರಿಂದ ಹದಿನಾರಕ್ಕೆ ಹೋದಾಗ ವರ್ಗಮೂಲದಿಂದ ದೋಷ ಅರ್ಧವಾಗುವುದರ ಜೊತೆಗೆ ಗುಣಕವೂ 3.18ರಿಂದ 2.13ಕ್ಕೆ ಇಳಿಯುತ್ತದೆ. ಹೊಲಗಳ ಏರುಪೇರು ಅಷ್ಟೇ ಇದ್ದರೆ 6 ಕ್ವಿಂಟಲ್ ಇದ್ದ ದೋಷಮಿತಿ 3ಕ್ಕೆ ನಿಲ್ಲದೆ 2ಕ್ಕೆ ಬರುತ್ತದೆ. ಅರ್ಧಕ್ಕಿಂತ ಒಳ್ಳೆಯ ಲಾಭ! ಆದರೆ ಈ ಹೆಚ್ಚುವರಿ ಲಾಭ ಒಂದೇ ಸಲದ್ದು. 64 ತಾಕಿಗೆ ಹೋದರೆ 0.94, 256ಕ್ಕೆ ಹೋದರೆ 0.47. ಅಲ್ಲಿಂದ ಮುಂದೆ ಗುಣಕ 1.96ರ ಹತ್ತಿರವೇ ನಿಂತುಬಿಡುತ್ತದೆ, ವರ್ಗಮೂಲವೊಂದೇ ಉಳಿಯುತ್ತದೆ. ಮೊದಲ ಹನ್ನೆರಡು ಹೆಚ್ಚುವರಿ ತಾಕುಗಳು 4 ಕ್ವಿಂಟಲ್ ಅನುಮಾನ ಕಳೆದವು. ನಂತರದ ನಲವತ್ತೆಂಟು ಸೇರಿ ಕಳೆದದ್ದು ಒಂದು ಕ್ವಿಂಟಲ್‌ಗಿಂತ ಚೂರು ಹೆಚ್ಚು. ಅದರ ನಂತರದ ನೂರ ತೊಂಬತ್ತೆರಡು ಅರ್ಧ ಕ್ವಿಂಟಲ್ಲನ್ನೂ ಕಳೆಯಲಿಲ್ಲ.

ಒಂದು ಪ್ರಯೋಗ ಎಂದರೆ ಸುಮ್ಮನೆ ಅಲ್ಲ. ರೈತ ಕೊಯ್ಲು ಮಾಡುವ ದಿನವೇ ಹೋಗಬೇಕು, ಕೊಯ್ಯಲು ಬಡಿಯಲು ಕೂಲಿಯವರು ಬೇಕು, ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಮತ್ತು ಸ್ಥಳ ದಾಖಲಾಗಬೇಕು. ಕೊಯ್ಲಿನ ಕಾಲ ಎಲ್ಲ ಕಡೆ ಒಟ್ಟಿಗೇ ಬರುತ್ತದೆ. ಒಂದು ಪಂಚಾಯಿತಿಯ ಒಂದು ಬೆಳೆಗೆ 64 ತಾಕು ಎಂದು ಆದೇಶ ಹೊರಡಿಸುವುದು ಸುಲಭ. ಅದಕ್ಕೆ ಬೇಕಾದ ಜನ ಯಾವ ಇಲಾಖೆಯಲ್ಲೂ ಇಲ್ಲ.

"ನಮ್ಮ ಪಂಚಾಯಿತಿ ದೊಡ್ಡದು, ಅದಕ್ಕೇ ನಾಲ್ಕು ಸಾಲದು" ಎಂಬ ವಾದ ಮಾತ್ರ ಗುರಿ ತಪ್ಪಿದ್ದು. ಮೇಲಿನ ಲೆಕ್ಕದಲ್ಲಿ ಪಂಚಾಯಿತಿಯ ಒಟ್ಟು ಹೊಲಗಳ ಸಂಖ್ಯೆ ಎಲ್ಲಿಯೂ ಬರಲಿಲ್ಲ, ಗಮನಿಸಿದಿರಾ? ಏರುಪೇರು ಒಂದೇ ಆಗಿದ್ದರೆ 400 ಹೊಲಗಳ ಪಂಚಾಯಿತಿಗೂ 4,000 ಹೊಲಗಳ ಪಂಚಾಯಿತಿಗೂ ನಾಲ್ಕು ತಾಕು ಕೊಡುವ ನಿಖರತೆ ಹೆಚ್ಚುಕಡಿಮೆ ಒಂದೇ. ದೊಡ್ಡ ಜಾಗದಲ್ಲಿ ಮಣ್ಣು ಮಳೆ ಬಗೆಬಗೆಯಾಗಿರುವುದರಿಂದ ಏರುಪೇರು ಹೆಚ್ಚಿದ್ದರೆ ಆಗ ಮಾತ್ರ ತೊಂದರೆ. ಸಾವಿರ ಚಿಲ್ಲರೆ ಮತದಾರರನ್ನು ಕೇಳಿದ ಸಮೀಕ್ಷೆ ಒಂದು ಜಿಲ್ಲೆಗೂ ಇಡೀ ದೇಶಕ್ಕೂ ಶೇಕಡ 3ರ ದೋಷಮಿತಿಯನ್ನೇ ಹೇಳುವುದು ಇದೇ ಕಾರಣಕ್ಕೆ.

ಇದೇ ಅಂಶ ತಿರುಗಿಬಿದ್ದದ್ದು ವಿಮೆಯ ಘಟಕ ಚಿಕ್ಕದಾದಾಗ. ಮಾರ್ಗಸೂಚಿಯಲ್ಲಿ ಘಟಕ ಜಿಲ್ಲೆಯಾದರೆ ಕನಿಷ್ಠ 24 ಪ್ರಯೋಗ, ತಾಲ್ಲೂಕಾದರೆ 16, ಹೋಬಳಿಯಾದರೆ 10, ಪಂಚಾಯಿತಿಯಾದರೆ 4. ಹೋಬಳಿ ಲೆಕ್ಕದಲ್ಲಿ ಒಂದು ಮೂಲೆಯಲ್ಲಿ ಮಳೆ ಬಂದು ಇನ್ನೊಂದು ಮೂಲೆ ಒಣಗಿದರೆ ಒಣಗಿದವನಿಗೆ ಅನ್ಯಾಯ. ಆದ್ದರಿಂದ ಘಟಕವನ್ನು ಪಂಚಾಯಿತಿಗೆ ಇಳಿಸಿ ಎಂಬ ಬೇಡಿಕೆ ಬಂತು, ನ್ಯಾಯವಾದ ಬೇಡಿಕೆಯೇ. ಆದರೆ ಹತ್ತರಿಂದ ನಾಲ್ಕಕ್ಕೆ ಇಳಿದಾಗ, ಏರುಪೇರು ಅಷ್ಟೇ ಇದ್ದರೆ, ಮಾನಕ ದೋಷ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಚಿಕ್ಕ ಪಂಚಾಯಿತಿಯ ಹೊಲಗಳು ಪರಸ್ಪರ ಹೆಚ್ಚು ಹೋಲುತ್ತವೆ ಎಂಬುದಷ್ಟೇ ನಮ್ಮನ್ನು ಕಾಯಬೇಕು. ಬೆಟ್ಟದಂಚಿನ ಖುಷ್ಕಿಯೂ ಕೆರೆ ಹಿಂದಿನ ಹೊಲವೂ ಒಂದೇ ಪಂಚಾಯಿತಿಯಲ್ಲಿರುವ ಕಡೆ ಅದೂ ಕಾಯುವುದಿಲ್ಲ. ಇನ್ನೊಂದು ಕಡೆ, ಮೂವತ್ತು ಪಂಚಾಯಿತಿಗಳ ತಾಲ್ಲೂಕಿನಲ್ಲಿ ನಾಲ್ಕು ನಾಲ್ಕು ಸೇರಿ 120 ತಾಕು ಆಗುವುದರಿಂದ ತಾಲ್ಲೂಕಿನ ಸರಾಸರಿ ಬಹಳ ಗಟ್ಟಿ. ಅದೇ ತಾಕುಗಳು ತಾಲ್ಲೂಕಿನ ಪ್ರಶ್ನೆಗೆ ಒಳ್ಳೆಯ ಉತ್ತರ, ಪಂಚಾಯಿತಿಯ ಪ್ರಶ್ನೆಗೆ ಒರಟು ಉತ್ತರ. ಹಣ ಹೋಗುವುದು ಒರಟು ಉತ್ತರದ ಮೇಲೆ.

ವರ್ಗಮೂಲದ ನಿಯಮಕ್ಕೆ ಒಂದು ಷರತ್ತು ಇದೆ: ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಮೇಲೂ ಕೆಳಗೂ ಬೀಳುತ್ತಿರಬೇಕು. ಎಲ್ಲ ತಪ್ಪೂ ಒಂದೇ ದಿಕ್ಕಿಗೆ ಬಿದ್ದರೆ ಎಷ್ಟು ತಾಕು ಕೊಯ್ದರೂ ಅವು ಒಂದನ್ನೊಂದು ತೊಡೆಯುವುದಿಲ್ಲ. ಇದರ ಬಗ್ಗೆ 1940ರ ದಶಕದಲ್ಲಿ ನಮ್ಮ ದೇಶದಲ್ಲೇ ದೊಡ್ಡ ವಾಗ್ವಾದ ನಡೆಯಿತು. ಕಲ್ಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಪಿ. ಸಿ. ಮಹಾಲನೋಬಿಸ್ ಚಿಕ್ಕ ಚಿಕ್ಕ ತಾಕುಗಳನ್ನು ಬಹಳ ಸಂಖ್ಯೆಯಲ್ಲಿ ಕೊಯ್ಯಿರಿ ಎನ್ನುವವರು. ಅದೇ ಖರ್ಚಿನಲ್ಲಿ n ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ದೆಹಲಿಯ ಕೃಷಿ ಸಂಶೋಧನಾ ಪರಿಷತ್ತಿನಲ್ಲಿದ್ದ ಪಿ. ವಿ. ಸುಖಾತ್ಮೆ, ತಾಕು ಚಿಕ್ಕದಾದಷ್ಟೂ ಇಳುವರಿ ನಿಜಕ್ಕಿಂತ ಹೆಚ್ಚು ಬರುತ್ತದೆ ಎಂದು ಹೊಲದ ಪ್ರಯೋಗಗಳಿಂದ ತೋರಿಸಿದರು.

ಕಾರಣ ಗೆರೆಯ ಮೇಲಿನ ಪೈರು. ಹಗ್ಗದ ಮೇಲೇ ನಿಂತ ಬುಡ ಒಳಗೋ ಹೊರಗೋ ಎಂಬ ಅನುಮಾನ ಬಂದಾಗ ಕೊಯ್ಯುವ ಕೈ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸುತ್ತಲೂ ಬರೀ 5 ಸೆಂಟಿಮೀಟರ್ ಹೆಚ್ಚು ಕೊಯ್ದರೆ 5 ಮೀಟರ್ ಚೌಕ 5.1 ಮೀಟರ್ ಚೌಕವಾಗುತ್ತದೆ. ವಿಸ್ತೀರ್ಣ 26 ಚದರ ಮೀಟರ್, ಶೇಕಡ 4 ಹೆಚ್ಚು. ಅದೇ 5 ಸೆಂಟಿಮೀಟರ್ ತಪ್ಪು 1 ಮೀಟರ್ ಚೌಕದಲ್ಲಿ ಆದರೆ ವಿಸ್ತೀರ್ಣ 1.21, ಶೇಕಡ 21 ಹೆಚ್ಚು. ಅಂಥ ಚಿಕ್ಕ ತಾಕುಗಳನ್ನು ಸಾವಿರ ಕೊಯ್ದರೂ ಸರಾಸರಿ ಶೇಕಡ 21 ಮೇಲೆಯೇ ಇರುತ್ತದೆ. ವಿಶ್ವಾಸಾಂತರ ಮಾತ್ರ ಕಿರಿದಾಗುತ್ತ ಹೋಗಿ, ತಪ್ಪು ಸಂಖ್ಯೆಯ ಸುತ್ತ ಬಿಗಿಯಾಗಿ ಕೂರುತ್ತದೆ. ನೋಡುವವನಿಗೆ ಅದು ಬಹಳ ನಿಖರವಾದ ಫಲಿತಾಂಶ. ಇಂದು ನಾವು 5 ಮೀಟರ್ ಚೌಕ ಕೊಯ್ಯುವುದರ ಹಿಂದೆ ಸುಖಾತ್ಮೆಯವರ ಕಡೆಯ ವಾದದ ಗೆಲುವಿದೆ.

ದಾರಿ ಬದಿಯ ಹೊಲ ಹತ್ತಿರವಾಯಿತೆಂದು ಚೀಟಿಯಲ್ಲಿಲ್ಲದ ಹೊಲಕ್ಕೆ ಹೋಗುವುದು, ರಾಗಿ ಒಣಗುವ ಮೊದಲೇ ತೂಗುವುದು, ಹೊಲಕ್ಕೇ ಹೋಗದೆ ಕೂತಲ್ಲೇ ತೂಕ ಬರೆಯುವುದು ಇವೆಲ್ಲ ಇದೇ ಜಾತಿಯ ತಪ್ಪುಗಳು. ಕಡೆಯದನ್ನು ಪತ್ತೆ ಮಾಡಲು ಏರುಪೇರೇ ಸಾಕ್ಷಿ. ನಿಜವಾದ ಹೊಲಗಳು 4.60, 2.45, 3.90 ಎಂಬಂತೆ ಹರಡಿರುತ್ತವೆ. ಕೂತು ಬರೆದ ತೂಕಗಳು 3.5, 3.4, 3.6, 3.5 ಎಂದು ಒಂದರ ಪಕ್ಕ ಒಂದು ನಿಂತಿರುತ್ತವೆ. ಅಂಥ ನಾಲ್ಕು ಅಂಕಿಗಳಿಂದ ವಿಶ್ವಾಸಾಂತರ ತೆಗೆದರೆ ಬಹಳ ಕಿರಿದು ಬರುತ್ತದೆ. ಮಳೆಯಾಶ್ರಿತ ರಾಗಿಯಲ್ಲಿ ಅಷ್ಟು ಕಿರಿದು ಬಂದರೆ ಸಂತೋಷಪಡಬಾರದು, ಫೋಟೊ ಮತ್ತು ಸ್ಥಳದ ದಾಖಲೆ ತೆಗೆದು ನೋಡಬೇಕು. ಇನ್ನು ನಾಲ್ಕರಲ್ಲಿ ಎರಡೆರಡು ತಾಕು ಒಂದೇ ಊರಿನ ಅಕ್ಕಪಕ್ಕದಲ್ಲಿದ್ದರೆ ಮಳೆ, ಮಣ್ಣು, ಬಿತ್ತಿದ ವಾರ ಎಲ್ಲ ಒಂದೇ ಆಗಿರುವುದರಿಂದ ಹೆಸರಿಗೆ ನಾಲ್ಕಾದರೂ ಅವುಗಳ ಬೆಲೆ ಮೂರಕ್ಕೂ ಸಮವಾಗದೆ ಹೋಗಬಹುದು.

ಹಾಗಾದರೆ ಮಾಡುವುದೇನು? s/√n ಎಂಬಲ್ಲಿ ಎಲ್ಲರ ಕಣ್ಣೂ n ಮೇಲೆ. ಆದರೆ n ವರ್ಗಮೂಲದ ಕೆಳಗೆ ಸಿಕ್ಕಿಕೊಂಡಿದೆ, s ಬಯಲಲ್ಲಿದೆ. ಏರುಪೇರನ್ನು ಅರ್ಧ ಮಾಡಿದರೆ ದೋಷಮಿತಿ ನೇರವಾಗಿ ಅರ್ಧ. ನಾಲ್ಕು ಪಟ್ಟು ತಾಕು ಕೊಯ್ದಷ್ಟೇ ಫಲ, ಒಂದು ತಾಕೂ ಹೆಚ್ಚಿಸದೆ. ಕರ್ನಾಟಕದಲ್ಲಿ ನೀರಾವರಿ ರಾಗಿ, ಮಳೆಯಾಶ್ರಿತ ರಾಗಿ ಎಂದು ವಿಮೆಗೆ ಬೇರೆ ಬೇರೆ ಅಧಿಸೂಚನೆ ಹೊರಡಿಸುವುದು ಈ ದಾರಿಯಲ್ಲೇ ಇಟ್ಟ ಹೆಜ್ಜೆ. ಎರಡನ್ನೂ ಒಂದೇ ರಾಶಿಗೆ ಹಾಕಿದರೆ 19 ಮತ್ತು 9ರ ನಡುವಿನ ಅಂತರವೆಲ್ಲ ಏರುಪೇರಾಗಿ ಕಾಡುತ್ತದೆ. ಬೇರೆ ಮಾಡಿದರೆ ಪ್ರತಿ ರಾಶಿಯೊಳಗಿನ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಉಪಗ್ರಹ ಚಿತ್ರದಲ್ಲಿ ಹಸಿರಾಗಿ ಕಂಡ ಹೊಲ, ಸೊರಗಿದ ಹೊಲ ಎಂದು ಮೊದಲೇ ಗುಂಪು ಮಾಡಿ, ಪ್ರತಿ ಗುಂಪಿನಿಂದಲೂ ತಾಕು ಆರಿಸುವುದರ ಉದ್ದೇಶವೂ ಅದೇ. ನನ್ನ ಮಟ್ಟಿಗೆ, ಇನ್ನೂ ನಾಲ್ಕು ತಾಕು ಕೊಡಿ ಎಂಬ ಹೋರಾಟಕ್ಕಿಂತ ಇರುವ ನಾಲ್ಕನ್ನು ಸರಿಯಾದ ಗುಂಪಿನಿಂದ ಆರಿಸಿ ಎಂಬ ಹೋರಾಟಕ್ಕೆ ಹೆಚ್ಚು ಫಲವಿದೆ. ನಾಲ್ಕು ಎಂಟಾದರೆ ಮಾನಕ ದೋಷ ಇಳಿಯುವುದು ಶೇಕಡ 29 ಮಾತ್ರ.

ಇದರ ಜೊತೆಗೆ ಇಲಾಖೆ ಖರ್ಚಿಲ್ಲದೆ ಮಾಡಬಹುದಾದ ಕೆಲಸ ಒಂದಿದೆ: ಪಂಚಾಯಿತಿಯ ಸರಾಸರಿಯ ಪಕ್ಕದಲ್ಲಿ ದೋಷಮಿತಿಯನ್ನೂ ಅಚ್ಚು ಹಾಕುವುದು. ಅದು ಆಗುವ ತನಕ, ಬೆಳೆ ವಿಮೆ ಕಟ್ಟಿದವರು ಪರಿಹಾರದ ಬಗ್ಗೆ ಅರ್ಜಿ ಕೊಡುವಾಗ ಸರಾಸರಿ ಇಳುವರಿಯೊಂದನ್ನೇ ಕೇಳಬೇಡಿ. ನಾಲ್ಕೂ ತಾಕಿನ ತೂಕ, ಅವುಗಳ ಸರ್ವೆ ನಂಬರ್, ಕೊಯ್ದ ದಿನಾಂಕ ಕೇಳಿ ಪಡೆಯಿರಿ. ಮೇಲಿನ ಲೆಕ್ಕಕ್ಕೆ ಮೊಬೈಲ್‌ನ ಕ್ಯಾಲ್ಕ್ಯುಲೇಟರ್ ಸಾಕು.